ಕೆರಿಯರ್ ಪೇಜ್ ಬರೆಯೋದಕ್ಕೆ ಮುಂಚೆ ಟಿಎ ಬಿಲ್ ತೆಗೆಯಿರಿ

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದು 22 ಜನರ ಕಂಪನಿ. ರೈಸ್ ಮಿಲ್, ಸಕ್ಕರೆ ಕಾರ್ಖಾನೆಗಳಿಗೆ ಎಲೆಕ್ಟ್ರಿಕಲ್ ಕಂಟ್ರೋಲ್ ಪ್ಯಾನೆಲ್ ಮಾಡಿಕೊಡ್ತೀವಿ. ಆಫೀಸು, ಲೆಕ್ಕ ನಾನು ನೋಡ್ಕೋತೀನಿ. ಸರ್ವಿಸ್ ನನ್ನ ಮೈದುನ ನೋಡ್ತಾರೆ. ಸರ್ವಿಸ್ ಎಂಜಿನಿಯರ್ ಅಂತ ಬಂದವರು ಎರಡು ತಿಂಗಳಿಗೇ ಬಿಟ್ಟು ಹೋಗ್ತಾರೆ. ಅದಕ್ಕೆ ವೆಬ್‌ಸೈಟಿನಲ್ಲಿ ಕೆಲಸದ ಬಗ್ಗೆ ಒಂದು ಪೇಜ್ ಹಾಕಿ, ಇದ್ದದ್ದು ಇದ್ದ ಹಾಗೆ ಬರೀಬೇಕು ಅಂತಿದೀನಿ. ಸಂಬಳ ಹಾಕಿದ್ರೆ ಈಗಿರೋರು ಜಗಳಕ್ಕೆ ಬರ್ತಾರೆ ಅಂತ ಯಜಮಾನರು ಹೇಳ್ತಾರೆ. ಪ್ರಮೋಶನ್ ಅಂತ ಹೇಳ್ಕೊಳ್ಳೋಕೆ ನಮ್ಮಲ್ಲಿ ಏನೂ ಇಲ್ಲ. ಏನು ಬರೆಯೋದು, ಎಷ್ಟು ಬರೆಯೋದು?

ಉತ್ತರ: ಬರೆಯೋದನ್ನು ಸ್ವಲ್ಪ ಪಕ್ಕಕ್ಕಿಡಿ. ಮೊದಲು ಮೂರು ಫೈಲ್ ತೆಗೆಯಿರಿ: ಸ್ಯಾಲರಿ ರಿಜಿಸ್ಟರ್, ಹಾಜರಿ ಪುಸ್ತಕ, ಸರ್ವಿಸ್‌ನವರು ಕೊಟ್ಟ ಟಿಎ ಬಿಲ್‌ಗಳು. ನಿಮ್ಮ ಪೇಜಿಗೆ ಬೇಕಾದ ಮುಕ್ಕಾಲು ಪಾಲು ವಿಷಯ ಅಲ್ಲೇ ಇದೆ. ಪೇಜಿನಲ್ಲಿರುವ ಯಾವ ಮಾತಿಗೂ ಆ ಮೂರರಲ್ಲಿ ಎಲ್ಲಾದರೂ ಆಧಾರ ಸಿಗಬೇಕು. ಸಿಗದ ಮಾತನ್ನು ಬರೆಯಬೇಡಿ.

ಕೆಲಸದಿಂದ ಶುರು ಮಾಡೋಣ. ಸಾಮಾನ್ಯವಾಗಿ ಇಂಥ ಪೇಜಿನಲ್ಲಿ ಏನಿರುತ್ತದೆ ಗೊತ್ತಲ್ಲ: "ಉತ್ಸಾಹಿ ಯುವಕರು ಬೇಕಾಗಿದ್ದಾರೆ, ಒತ್ತಡದಲ್ಲಿ ಕೆಲಸ ಮಾಡುವ ಸಾಮರ್ಥ್ಯ ಇರಬೇಕು, ಪ್ರಯಾಣಕ್ಕೆ ಸಿದ್ಧರಿರಬೇಕು." ಪ್ರಯಾಣಕ್ಕೆ ಸಿದ್ಧ ಎಂದರೆ ಒಬ್ಬ ಡಿಪ್ಲೊಮಾ ಹುಡುಗ ಏನು ಅಂದುಕೊಳ್ಳುತ್ತಾನೆ? ಬೈಕಿನಲ್ಲಿ ಧಾರವಾಡಕ್ಕೆ ಹೋಗಿ ಸಂಜೆ ಮನೆಗೆ ಬರೋದು. ನಿಮ್ಮಲ್ಲಿ ಆಗುವುದು ಏನು? ಜನವರಿಯಲ್ಲಿ, ಕಬ್ಬು ನುರಿಸುವ ಹಂಗಾಮಿನ ನಟ್ಟನಡುವೆ, ರಾತ್ರಿ ಎರಡು ಗಂಟೆಗೆ ಮುಧೋಳದಿಂದ ಫೋನ್ ಬರುತ್ತದೆ, ಪ್ಯಾನೆಲ್ ಟ್ರಿಪ್ ಆಗ್ತಾ ಇದೆ, ಕಬ್ಬು ಸಾಗಿಸುವ ಕ್ಯಾರಿಯರ್ ನಿಂತಿದೆ ಅಂತ. ಎರಡು ತಿಂಗಳಿಗೆ ಬಿಟ್ಟು ಹೋಗುವವರಲ್ಲಿ ಹೆಚ್ಚಿನವರು ಬಿಡುವುದು ಈ ವ್ಯತ್ಯಾಸಕ್ಕೆ. ಕೆಲಸ ಕಷ್ಟ ಎಂದು ಯಾರೂ ಓಡಿ ಹೋಗುವುದಿಲ್ಲ. ಹೇಳಿದ್ದು ಒಂದು, ಆಗಿದ್ದು ಇನ್ನೊಂದು ಎಂದಾಗ ಮನಸ್ಸು ಮುರಿಯುತ್ತದೆ.

ಟಿಎ ಬಿಲ್‌ಗಳಲ್ಲಿ ಲಾಡ್ಜ್ ರಸೀದಿಗಳನ್ನು ಎಣಿಸಿ, ಒಬ್ಬೊಬ್ಬರಿಗೆ, ತಿಂಗಳು ತಿಂಗಳಿಗೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೆ 12ರಿಂದ 15 ರಾತ್ರಿ, ಉಳಿದ ತಿಂಗಳಲ್ಲಿ 3ರಿಂದ 5 ರಾತ್ರಿ ಬಂತು ಅಂದುಕೊಳ್ಳೋಣ. ಇಲ್ಲಿ ಒಂದು ಸುಲಭದ ಸುಳ್ಳು ಕಾದಿರುತ್ತದೆ. ವರ್ಷದ ಸರಾಸರಿ ತೆಗೆದರೆ ತಿಂಗಳಿಗೆ 8 ರಾತ್ರಿ ಎಂದು ಬರುತ್ತದೆ. ಲೆಕ್ಕ ಸರಿ. ಆದರೆ ಅಂಥ ತಿಂಗಳು ನಿಮ್ಮಲ್ಲಿ ವರ್ಷದಲ್ಲಿ ಒಂದೂ ಇಲ್ಲ. ಡಿಸೆಂಬರ್‌ನಲ್ಲಿ ಸೇರಿದವನು ಮೊದಲ ತಿಂಗಳಲ್ಲೇ 14 ರಾತ್ರಿ ಹೊರಗೆ ಕಳೆದು, ಇವರು ಮೋಸ ಮಾಡಿದರು ಅಂದುಕೊಳ್ಳುತ್ತಾನೆ. ಆದ್ದರಿಂದ ಹಂಗಾಮನ್ನೂ ಉಳಿದ ತಿಂಗಳುಗಳನ್ನೂ ಬೇರೆ ಬೇರೆಯಾಗಿಯೇ ಬರೆಯಿರಿ.

ಆಮೇಲೆ ಈಗ ಆ ಕೆಲಸ ಮಾಡುತ್ತಿರುವವರನ್ನು ಕೂರಿಸಿಕೊಂಡು ಕೇಳಿ. "ನಿಮ್ಮ ಕೆಲಸ ಏನು" ಎಂದು ಕೇಳಿದರೆ ಸರ್ವಿಸ್ ಅಂತಾರೆ, ಮುಗೀತು. "ಹೋದ ವಾರ ಸೋಮವಾರದಿಂದ ಏನೇನು ಮಾಡಿದ್ರಿ" ಎಂದು ಕೇಳಿ. ಆಗ ನಿಜವಾದ ಕೆಲಸ ಹೊರಗೆ ಬರುತ್ತದೆ: ಗಂಗಾವತಿಯ ಮಿಲ್ಲಿನಲ್ಲಿ ಕಾಂಟ್ಯಾಕ್ಟರ್ ಬದಲಿಸಿದ್ದು, ಸಿಂಧನೂರಿನಲ್ಲಿ ಬಾಕಿ ಹಣಕ್ಕಾಗಿ ಅರ್ಧ ದಿನ ಕಾದದ್ದು, ಡ್ರಾಯಿಂಗ್‌ನಲ್ಲಿ ಒಂದು, ಪ್ಯಾನೆಲ್‌ನಲ್ಲಿ ಇನ್ನೊಂದು ಇದ್ದದ್ದರಿಂದ ವೈರ್ ಹುಡುಕಿದ್ದು. ಬಾಕಿ ವಸೂಲಿಯೂ ಸರ್ವಿಸ್ ಎಂಜಿನಿಯರ್ ಕೆಲಸ ಎಂದು ನಿಮ್ಮ ಯಾವ ಜಾಹೀರಾತಿನಲ್ಲೂ ಇರಲಿಕ್ಕಿಲ್ಲ, ಅಲ್ವಾ? ಅದನ್ನು ಅವರಿಂದ ಮಾಡಿಸುವುದಾದರೆ ಪೇಜಿನಲ್ಲಿ ಬರೆಯಿರಿ. ಬರೆಯಲು ಮುಜುಗರ ಆದರೆ, ಅವರಿಂದ ಮಾಡಿಸುವುದನ್ನು ಬಿಡಿ.

ಹೀಗೆ ಬರೆಯಬಹುದು:

> ನಮ್ಮ ಪ್ಯಾನೆಲ್ ಇರುವ ಮಿಲ್ಲು, ಕಾರ್ಖಾನೆಗಳಿಗೆ ಹೋಗಿ ದೋಷ ಹುಡುಕಿ ಸರಿ ಮಾಡುವುದು ಕೆಲಸ. ಹೊಸ ಪ್ಯಾನೆಲ್ ಕೂರಿಸಿ ಚಾಲೂ ಮಾಡಿಕೊಡುವುದೂ ಇದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಸಕ್ಕರೆ ಹಂಗಾಮು. ಆಗ ತಿಂಗಳಿಗೆ 12ರಿಂದ 15 ರಾತ್ರಿ ಹೊರಗೆ ಉಳಿಯಬೇಕು, ರಾತ್ರಿ ಫೋನ್ ಬರುತ್ತದೆ, ಕೆಲವು ಭಾನುವಾರ ಕೆಲಸ ಇರುತ್ತದೆ. ಉಳಿದ ತಿಂಗಳಲ್ಲಿ 3ರಿಂದ 5 ರಾತ್ರಿ. ಲಾಡ್ಜ್ ನಾವೇ ಬುಕ್ ಮಾಡುತ್ತೇವೆ. ಊಟದ ಭತ್ಯೆ ಹೊರಡುವ ಮುಂಚೆಯೇ ಖಾತೆಗೆ ಹಾಕುತ್ತೇವೆ. ಮೊದಲ ಎರಡು ತಿಂಗಳು ಒಬ್ಬರನ್ನೇ ಎಲ್ಲೂ ಕಳಿಸುವುದಿಲ್ಲ.

ಕೊನೆಯ ಮೂರು ವಾಕ್ಯಗಳನ್ನು ನಿಜವಾಗಿಯೂ ಹಾಗೆ ಮಾಡುವುದಾದರೆ ಮಾತ್ರ ಉಳಿಸಿಕೊಳ್ಳಿ. ಟಿಎ ಬಿಲ್ ಪಾಸ್ ಆಗೋಕೆ ಒಂದೂವರೆ ತಿಂಗಳು ಹಿಡಿಯುತ್ತದೆ, ಅಲ್ಲಿಯವರೆಗೆ ಹುಡುಗ ಸ್ವಂತ ದುಡ್ಡು ಹಾಕುತ್ತಾನೆ ಎಂದಾದರೆ, ಜನ ಬಿಡುವುದಕ್ಕೆ ಅದೂ ಒಂದು ಕಾರಣ ಇರಬಹುದು. ಅದನ್ನು ಬರೆದು ತೋರಿಸುವುದಕ್ಕಿಂತ ಸರಿ ಮಾಡುವುದೇ ಸುಲಭ. ಭಾನುವಾರದ ಕೆಲಸಕ್ಕೆ ಬದಲಿ ರಜೆ, ಹೆಚ್ಚುವರಿ ಗಂಟೆಗೆ ಓಟಿ, ಇವನ್ನೂ ಹಾಜರಿ ಪುಸ್ತಕದಲ್ಲಿ ನೋಡಿ. ಕಾನೂನು ಹೇಳುವುದಕ್ಕಿಂತ ಕಡಿಮೆ ಕೊಡುತ್ತಿದ್ದರೆ, ಇದ್ದದ್ದು ಇದ್ದ ಹಾಗೆ ಬರೆದೆವು ಎಂದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ.

ಹಾಗೇ ಇನ್ನೊಂದು. "ಪುರುಷರು ಮಾತ್ರ" ಎಂದು ಬರೆಯುವ ಅಭ್ಯಾಸ ಈ ಲೈನಿನಲ್ಲಿ ಇದೆ. ನೇಮಕದಲ್ಲಿ ಹೆಣ್ಣು ಗಂಡು ಭೇದ ಮಾಡಬಾರದು ಎಂಬ ಕಾನೂನು 1976ರಿಂದಲೇ ಇದೆ. ರಾತ್ರಿ ಪ್ರಯಾಣ ಎಷ್ಟು, ಉಳಿಯುವ ವ್ಯವಸ್ಥೆ ಏನು ಎಂದು ಬರೆಯಿರಿ. ಬರುವುದು ಬಿಡುವುದು ಓದಿದವರ ತೀರ್ಮಾನ.

ಈಗ ಸಂಬಳ. ಹಾಕಲೇಬೇಕು ಎಂದು ನಮ್ಮ ದೇಶದಲ್ಲಿ ಕಾನೂನು ಇಲ್ಲ. ನ್ಯೂಯಾರ್ಕ್ ನಗರದಲ್ಲಿ 2022ರಿಂದ ಜಾಹೀರಾತಿನಲ್ಲೇ ಸಂಬಳದ ರೇಂಜ್ ಹಾಕಬೇಕು. ಅದು ಅವರ ಕಥೆ. ನಿಮಗೆ ಹಾಕಿ ಎಂದು ನಾನು ಹೇಳುವುದಕ್ಕೆ ಕಾರಣ ಬೇರೆ: ನಿಮಗೆ ಬರುವ ಅರ್ಜಿಗಳಲ್ಲಿ ಅರ್ಧದಷ್ಟು ಜನ ಸಂಬಳ ಕೇಳಿದ ತಕ್ಷಣ ಎದ್ದು ಹೋಗುವವರಾದರೆ, ಅವರ ಬಸ್ ಚಾರ್ಜೂ ದಂಡ, ನಿಮ್ಮ ಬೆಳಗಿನ ಹೊತ್ತೂ ದಂಡ.

ಆದರೆ ಯಾವ ಸಂಬಳ ಹಾಕೋದು? ಇಲ್ಲೇ ಹೆಚ್ಚು ಗೋಲ್‌ಮಾಲ್ ಆಗುವುದು. ಒಂದು ಉದಾಹರಣೆಯನ್ನು ಪೂರ್ತಿ ಲೆಕ್ಕ ಹಾಕಿ ನೋಡೋಣ. ಮೂರು ವರ್ಷ ಅನುಭವ ಇರುವ ಒಬ್ಬರಿಗೆ ತಿಂಗಳಿಗೆ ಒಟ್ಟು 28,000 ಕೊಡಬೇಕು ಅಂದುಕೊಂಡಿದ್ದೀರಿ. ಅದರಲ್ಲಿ ಬೇಸಿಕ್ ಮತ್ತು ಡಿಎ ಸೇರಿ 22,000, ಮನೆ ಬಾಡಿಗೆ ಭತ್ಯೆ 6,000. ನಿಮ್ಮಲ್ಲಿ 20ಕ್ಕಿಂತ ಹೆಚ್ಚು ಜನ ಇರುವುದರಿಂದ ಪಿಎಫ್ ಕಡ್ಡಾಯ. 15,000ದ ಮಿತಿಯ ಮೇಲೆ ಶೇಕಡಾ 12 ಹಿಡಿದರೆ 1,800 ಕಡಿತ. ಸಂಬಳ 25,000 ದಾಟಿದ್ದರಿಂದ ವೃತ್ತಿ ತೆರಿಗೆ 200, ಫೆಬ್ರವರಿಯಲ್ಲಿ ಮಾತ್ರ 300. ಕೈಗೆ ಬರುವುದು 26,000.

ಇದನ್ನೇ ಸಿಟಿಸಿ, ಅಂದರೆ ಒಬ್ಬರಿಗಾಗಿ ಕಂಪನಿಗೆ ಬೀಳುವ ಒಟ್ಟು ಖರ್ಚು, ಮಾಡಿ ನೋಡಿ. ಕಂಪನಿಯ ಪಾಲಿನ ಪಿಎಫ್ 1,800 ಸೇರಿತು. ಗ್ರಾಚ್ಯುಟಿಗೆ ಎಂದು ತೆಗೆದಿಡುವ ಹಣ, ವರ್ಷಕ್ಕೆ 15 ದಿನದ ವೇತನ, ತಿಂಗಳನ್ನು 26 ದಿನ ಎಂದು ಲೆಕ್ಕ ಹಿಡಿದರೆ ತಿಂಗಳಿಗೆ ಸುಮಾರು 1,058, ಅದೂ ಸೇರಿತು. ಊಟ, ಲಾಡ್ಜ್ ಖರ್ಚು ತಿಂಗಳಿಗೆ 3,500 ಆಗುತ್ತದೆ ಎಂದು ಅದನ್ನೂ ಸೇರಿಸುವವರಿದ್ದಾರೆ. ಒಟ್ಟು 34,358. ವರ್ಷಕ್ಕೆ 4.1 ಲಕ್ಷ! ಜಾಹೀರಾತಿನಲ್ಲಿ "4 ಲಕ್ಷಕ್ಕೂ ಮೇಲ್ಪಟ್ಟ ಪ್ಯಾಕೇಜ್" ಎಂದು ಬರುತ್ತದೆ. ಓದಿದವನು 12ರಿಂದ ಭಾಗಿಸಿ 34,000 ಎಂದು ಮನೆಯಲ್ಲಿ ಹೇಳಿರುತ್ತಾನೆ. ಮೊದಲ ತಿಂಗಳು ಖಾತೆಗೆ 26,000 ಬೀಳುತ್ತದೆ. ಲಾಡ್ಜಿನ ಬಿಲ್ ಅವನ ಸಂಬಳ ಹೇಗಾಯಿತು? ಗ್ರಾಚ್ಯುಟಿ ಸಾಮಾನ್ಯವಾಗಿ ಕೈಗೆ ಬರೋದು ಐದು ವರ್ಷ ಇದ್ದವರಿಗೆ. ಎರಡು ವರ್ಷಕ್ಕೆ ಬಿಟ್ಟವನ ಸಿಟಿಸಿಯಲ್ಲಿದ್ದ ಆ ದುಡ್ಡು ಅವನಿಗೆ ಸಿಗುವುದೇ ಇಲ್ಲ.

ಆದ್ದರಿಂದ ಪೇಜಿನಲ್ಲಿ ಮೊದಲು ಬರಬೇಕಾದದ್ದು ಕೈಗೆ ಬರುವ ಮೊತ್ತ. ಹುಡುಗರು ಕೇಳುವುದೂ ಅದನ್ನೇ: "ಕೈಗೆ ಎಷ್ಟು ಬರುತ್ತೆ ಸರ್?" ಕಡಿತಗಳನ್ನು ಅದರ ಕೆಳಗೆ ಒಂದೇ ಸಾಲಿನಲ್ಲಿ ಬರೆಯಿರಿ. ಪಿಎಫ್ 15,000ದ ಮೇಲೆ ಕಟ್ಟುತ್ತೀರೋ, ಪೂರ್ತಿ ಬೇಸಿಕ್ ಮೇಲೋ ಎಂಬುದನ್ನೂ ಹೇಳಿ, ಏಕೆಂದರೆ ದೊಡ್ಡ ಕಂಪನಿಯಿಂದ ಬರುವವರಿಗೆ ಅಲ್ಲಿ ವ್ಯತ್ಯಾಸ ಕಾಣುತ್ತದೆ. ಪ್ರಯಾಣದ ಖರ್ಚು ಸಂಬಳಕ್ಕೆ ಸೇರಿಲ್ಲ, ಬೇರೆ ಎಂದು ಬರೆಯಿರಿ.

ರೇಂಜ್ ಎಷ್ಟು ಅಗಲ ಇರಬೇಕು? "15,000ದಿಂದ 40,000" ಎಂಬುದು ರೇಂಜೇ ಅಲ್ಲ. ಅದನ್ನು ಓದುವ ಪ್ರತಿಯೊಬ್ಬರೂ ತಮಗೆ 40,000 ಅಂದುಕೊಳ್ಳುತ್ತಾರೆ, ಕೊಡುವವರು ಪ್ರತಿಯೊಬ್ಬರಿಗೂ 15,000 ಅಂದುಕೊಂಡಿರುತ್ತಾರೆ. ಒಂದು ಮಟ್ಟದ ಕೆಲಸಕ್ಕೆ ಮೇಲಿನ ತುದಿ ಕೆಳಗಿನದಕ್ಕಿಂತ ನಾಲ್ಕನೇ ಒಂದು ಭಾಗದಷ್ಟು ಜಾಸ್ತಿ ಇದ್ದರೆ ಸಾಕು. ಅದಕ್ಕಿಂತ ಅಗಲ ಬೇಕೆನಿಸಿದರೆ ನೀವು ಎರಡು ಕೆಲಸಗಳನ್ನು ಒಂದೇ ಹೆಸರಿನಲ್ಲಿ ಕರೆಯುತ್ತಿದ್ದೀರಿ ಎಂದರ್ಥ. ಈಗ ತಾನೆ ಡಿಪ್ಲೊಮಾ ಮುಗಿಸಿದವರಿಗೆ ಬೇರೆ ಸಾಲು ಬರೆಯಿರಿ. ಮೇಲಿನ ತುದಿಯನ್ನು ಮೊದಲ ದಿನವೇ ಯಾರಿಗಾದರೂ ಕೊಡಲು ನೀವು ತಯಾರಿರಬೇಕು. ಯಾರಿಗೂ ಕೊಡದ ಅಂಕಿಯನ್ನು ಹಾಕಬಾರದು. ಯಾರಿಗೆ ಯಾವ ತುದಿ ಎಂದೂ ಹೇಳಬೇಕು:

> ಅನುಭವ 2ರಿಂದ 5 ವರ್ಷ. ಕೈಗೆ ತಿಂಗಳಿಗೆ 23,000ದಿಂದ 28,000. ಪಿಎಫ್, ವೃತ್ತಿ ತೆರಿಗೆ ಕಳೆಯುವ ಮುಂಚೆ ಒಟ್ಟು ಸಂಬಳ 25,000ದಿಂದ 30,000. ಮೋಟಾರ್ ಸ್ಟಾರ್ಟರ್, ರಿಲೇ ಗೊತ್ತಿದ್ದು ಡ್ರೈವ್‌ಗಳನ್ನು ಇನ್ನೂ ಕಲಿಯಬೇಕಾದವರು ಕೆಳಗಿನ ತುದಿಯಿಂದ ಶುರು ಮಾಡುತ್ತಾರೆ. ಡ್ರಾಯಿಂಗ್ ಓದಿ, ಯಾರ ಸಹಾಯವೂ ಇಲ್ಲದೆ ಸೈಟಿನಲ್ಲಿ ದೋಷ ಹಿಡಿಯಬಲ್ಲವರಿಗೆ ಮೇಲಿನ ತುದಿ. ಊಟ, ಲಾಡ್ಜ್, ಪೆಟ್ರೋಲ್ ಇದರಲ್ಲಿ ಸೇರಿಲ್ಲ.

ಇನ್ನು ಯಜಮಾನರ ಭಯ. ಅದು ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಹೀಗಂದುಕೊಳ್ಳಿ: ನಿಮ್ಮಲ್ಲಿ ಮೂರು ವರ್ಷದಿಂದ ಇರುವ ಒಬ್ಬರಿಗೆ 24,000, ಆರು ವರ್ಷದಿಂದ ಇರುವವರಿಗೆ 27,000. ಹೊರಗಿನಿಂದ ಬರುವ ಮೂರು ವರ್ಷದ ಅನುಭವಿಗೆ 28,000 ಎಂದು ಪೇಜ್ ಹಾಕಿದ ದಿನವೇ ಇಬ್ಬರೂ ಮೊಬೈಲ್ ಹಿಡಿದು ನಿಮ್ಮ ಟೇಬಲ್ ಮುಂದೆ ನಿಂತಿರುತ್ತಾರೆ. ನಿಲ್ಲಬೇಕಾದ್ದೇ. ಪೇಜ್ ಹಾಕದಿದ್ದರೂ ಹೊಸಬ ಬಂದ ಮೊದಲ ವಾರದಲ್ಲಿ ಚಹಾ ಕುಡಿಯುವಾಗ ಆ ವಿಷಯ ಹೊರಬೀಳುತ್ತದೆ. ಇಬ್ಬರೇ ಲಾಡ್ಜಿನ ಒಂದು ರೂಮಿನಲ್ಲಿ ಉಳಿಯುವ ಕೆಲಸದಲ್ಲಿ ಸಂಬಳ ಗುಟ್ಟಾಗಿ ಉಳಿಯುವುದಿಲ್ಲ.

ಅದಕ್ಕೆ ಪೇಜ್ ಹಾಕುವ ಮುಂಚೆ ಒಳಗಿನ ಸಂಬಳ ಸರಿ ಮಾಡಿ. ಮೂರು ವರ್ಷದವರನ್ನು 28,000ಕ್ಕೆ, ಆರು ವರ್ಷದವರನ್ನು 31,000ಕ್ಕೆ ತಂದರೆ ತಿಂಗಳಿಗೆ 8,000, ವರ್ಷಕ್ಕೆ 96,000 ಹೆಚ್ಚು ಖರ್ಚು. ಪಿಎಫ್ ಆಗಲೇ 15,000ದ ಮಿತಿಯಲ್ಲಿದ್ದರೆ ಅಲ್ಲಿ ಹೊಸ ಭಾರ ಇಲ್ಲ. ಗ್ರಾಚ್ಯುಟಿ ಸ್ವಲ್ಪ ಏರುತ್ತದೆ. ದೊಡ್ಡ ಮೊತ್ತ ಅನ್ನಿಸಬಹುದು. ಎರಡು ತಿಂಗಳಿದ್ದು ಬಿಟ್ಟು ಹೋದ ಒಬ್ಬರಿಗೆ ನೀವು ಕೊಟ್ಟ ಸಂಬಳವೇ 56,000. ಆ ಎರಡು ತಿಂಗಳು ಅವರು ಒಬ್ಬರೇ ಒಂದು ಕಾಲ್ ಕೂಡ ಅಟೆಂಡ್ ಮಾಡಿಲ್ಲ. ವರ್ಷಕ್ಕೆ ಇಂಥವರು ಇಬ್ಬರಾದರೆ 1,12,000. ಕಲಿಸಲು ಜೊತೆಗೆ ಹೋದ ಹಳಬರ ಸಮಯ ಇದರಲ್ಲಿ ಸೇರಿಲ್ಲ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಯಜಮಾನರಿಗೆ ತೋರಿಸಿ. ನಿಮ್ಮದೇ ಅಂಕಿ ಹಾಕಿ, ನನ್ನದಲ್ಲ.

ಅಷ್ಟು ಕೊಡಲು ಈ ವರ್ಷ ಆಗುವುದಿಲ್ಲ ಎಂದರೆ? ಆಗ ರೇಂಜನ್ನೇ ಇಳಿಸಿ. ಹಳಬರಿಗೆ ಕೊಡುವಷ್ಟರ ಒಳಗೇ ಹೊಸಬರ ಸಂಬಳ ಇರಲಿ. ಬರುವ ಅರ್ಜಿ ಕಡಿಮೆಯಾಗುತ್ತದೆ, ಮೂರು ವರ್ಷದ ಅನುಭವಿ ಸಿಗದೆ ಹೋಗಬಹುದು, ಫ್ರೆಶರ್ ತೆಗೆದುಕೊಂಡು ಕಲಿಸಬೇಕಾಗಬಹುದು. ಅದನ್ನು ಒಪ್ಪಿಕೊಳ್ಳಿ. ಸಂಬಳ ಕಡಿಮೆ ಇಟ್ಟುಕೊಂಡು ಪೇಜಿನ ಮಾತಿನಿಂದ ಆ ಕೊರತೆ ತುಂಬಿಸಲು ಹೋದರೆ ಮತ್ತೆ ಅದೇ ಎರಡು ತಿಂಗಳ ಕಥೆ.

ಬೆಳವಣಿಗೆಯ ವಿಷಯಕ್ಕೆ ಬರೋಣ. ಹೇಳಿಕೊಳ್ಳೋಕೆ ಏನೂ ಇಲ್ಲ ಎಂದಿರಿ. 22 ಜನರ ಕಂಪನಿಯಲ್ಲಿ ಏಣಿಗೆ ಮೆಟ್ಟಿಲು ಕಡಿಮೆ, ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಸರ್ವಿಸ್ ಮುಖ್ಯಸ್ಥರ ಕುರ್ಚಿ ಒಂದೇ, ಅದರಲ್ಲಿ ನಿಮ್ಮ ಮೈದುನ ಕೂತಿದ್ದಾರೆ, ಇನ್ನೂ ಇಪ್ಪತ್ತು ವರ್ಷ ಕೂತಿರುತ್ತಾರೆ. ಹಾಗಿರುವಾಗ "ವಿಪುಲ ಬಡ್ತಿ ಅವಕಾಶ" ಎಂದು ಬರೆದರೆ ಬಂದ ಮೊದಲ ದಿನವೇ ಎಲ್ಲರಿಗೂ ವಿಷಯ ಗೊತ್ತಾಗುತ್ತದೆ. "ಸರ್ವಿಸ್ ವಿಭಾಗವನ್ನು ಮಾಲೀಕರ ಮನೆಯವರೇ ನೋಡಿಕೊಳ್ಳುತ್ತಾರೆ, ಆ ಹುದ್ದೆ ಸದ್ಯಕ್ಕೆ ತೆರವಾಗುವುದಿಲ್ಲ" ಎಂದು ಬರೆಯಲು ಧೈರ್ಯ ಬೇಕು ನಿಜ. ಬರೆದು ನೋಡಿ. ಅದೊಂದು ಸಾಲು ಓದಿದವರು ಉಳಿದ ಸಾಲುಗಳನ್ನೂ ನಂಬುತ್ತಾರೆ.

ಮತ್ತೆ ಬೆಳವಣಿಗೆ ಎಂದು ಬರೆಯಬೇಕಾದದ್ದು ಏನು? ಮೂರು ಸಂಗತಿ ಸಾಕು. ಮೊದಲನೆಯದು ಸಂಬಳ ಹೇಗೆ ಏರಿದೆ ಎಂಬುದು. ಮುಂದೆ ಕೊಡುತ್ತೇವೆ ಎಂಬ ಮಾತು ಬೇಡ, ಆಗಿದ್ದನ್ನು ಬರೆಯಿರಿ: ಕಳೆದ ಮೂರು ಏಪ್ರಿಲ್‌ಗಳಲ್ಲಿ ಸರ್ವಿಸ್‌ನವರಿಗೆ ಶೇಕಡಾ ಎಷ್ಟು ಏರಿತು ಎಂದು ರಿಜಿಸ್ಟರ್ ನೋಡಿ ಹಾಕಿ. ಒಂದು ವರ್ಷ ಏರಿಸಿಲ್ಲ ಎಂದಾದರೆ ಅದೂ ಇರಲಿ, ಯಾಕೆ ಎಂದು ಅರ್ಧ ಸಾಲು ಸೇರಿಸಿ.

ಎರಡನೆಯದು ಕಲಿಕೆ. ಸಣ್ಣ ಪ್ಯಾನೆಲ್ ಕಂಪನಿಯಲ್ಲಿ ನಿಜವಾಗಿ ಸಿಗುವುದು ಇದೇ, ಆದರೆ ಯಾರೂ ಸರಿಯಾಗಿ ಬರೆಯುವುದಿಲ್ಲ. ದೊಡ್ಡ ಕಡೆ ಒಬ್ಬ ಎಂಜಿನಿಯರ್ ಒಂದೇ ಬಗೆಯ ಡ್ರೈವ್ ನೋಡಿಕೊಂಡು ವರ್ಷಗಟ್ಟಲೆ ಇರಬಹುದು. ನಿಮ್ಮಲ್ಲಿ ಒಂದೇ ವರ್ಷದಲ್ಲಿ ಸ್ಟಾರ್ಟರ್ ಪ್ಯಾನೆಲ್, ಡ್ರೈವ್, ಪಿಎಲ್‌ಸಿ ಮೂರೂ ಕೈಗೆ ಸಿಗುತ್ತವೆ. "ಕಲಿಯುವ ಅವಕಾಶ" ಎಂದು ಬರೆದು ಸುಮ್ಮನಾಗಬೇಡಿ. ಆರು ತಿಂಗಳಿಗೆ ಏನು ಮಾಡಬಲ್ಲರು, ಎರಡು ವರ್ಷಕ್ಕೆ ಏನು ಎಂದು ಬರೆಯಿರಿ. ವಿದ್ಯುತ್ ಪರಿವೀಕ್ಷಣಾಲಯ ಕೊಡುವ ಸೂಪರ್‌ವೈಸರ್ ಪರ್ಮಿಟ್ ಇದ್ದವರಿಗೆ ಹೊರಗೂ ಬೆಲೆ ಇದೆ. ಅದರ ಶುಲ್ಕ ಕಂಪನಿ ಕಟ್ಟುವುದಾದರೆ, ಅದಕ್ಕೆ ಹೋಗಿಬರಲು ರಜೆ ಕೊಡುವುದಾದರೆ, ದಪ್ಪ ಅಕ್ಷರದಲ್ಲೇ ಹಾಕಿ. ಪರ್ಮಿಟ್ ಬಂದ ಮೇಲೆ ಸಂಬಳ ಎಷ್ಟು ಏರುತ್ತದೆ ಎಂದೂ ಹೇಳಿ. ಏರದಿದ್ದರೆ ಅವರು ಪರ್ಮಿಟ್ ಹಿಡಿದುಕೊಂಡು ಬೇರೆ ಕಡೆ ಹೋಗುತ್ತಾರೆ, ತಪ್ಪು ಅವರದಲ್ಲ.

ಮೂರನೆಯದು, ಇಲ್ಲಿಂದ ಹೋದವರು ಏನಾದರು. ಮಾಲೀಕರಿಗೆ ಇದನ್ನು ಬರೆಯೋದು ಇಷ್ಟ ಆಗುವುದಿಲ್ಲ. "ಐದು ವರ್ಷ ನಮ್ಮಲ್ಲಿದ್ದ ಒಬ್ಬರು ಈಗ ಸ್ವಂತ ಎಲೆಕ್ಟ್ರಿಕಲ್ ಕಾಂಟ್ರ್ಯಾಕ್ಟರ್, ಇನ್ನೊಬ್ಬರು ಸಕ್ಕರೆ ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಎಂಜಿನಿಯರ್" ಎಂಬುದು ನಿಜವಿದ್ದರೆ, ಹೆಸರಿಲ್ಲದೆ, ಅವರ ಒಪ್ಪಿಗೆ ಕೇಳಿ ಹಾಕಿ. ಇಪ್ಪತ್ತೆರಡರ ಹುಡುಗನಿಗೆ ಅದಕ್ಕಿಂತ ದೊಡ್ಡ ಆಕರ್ಷಣೆ ನೀವು ಕೊಡಲಾರಿರಿ.

ಸಣ್ಣ ಪುಟ್ಟ ಸಂಗತಿಗಳು ಕೆಲವು ಉಳಿದವು. ಪ್ರೊಬೇಷನ್ ಎಷ್ಟು ತಿಂಗಳು, ನೋಟಿಸ್ ಎಷ್ಟು ದಿನ ಎಂದು ಬರೆಯಿರಿ. ಬಾಂಡ್ ಇದ್ದರೆ ಮೊತ್ತದ ಸಮೇತ ಪೇಜಿನಲ್ಲೇ ಇರಲಿ, ಸೇರುವ ದಿನ ಕಾಗದ ಮುಂದೆ ಇಟ್ಟು ಸಹಿ ಹಾಕಿಸುವುದು ಬೇಡ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುವ ಪದ್ಧತಿ ನಿಮ್ಮಲ್ಲಿದ್ದರೆ ದಯವಿಟ್ಟು ನಿಲ್ಲಿಸಿ. ಕೆಲಸ ಕೊಡಿಸುತ್ತೇವೆಂದು ಹಣ ಕೀಳುವವರು ಜಾಸ್ತಿಯಾಗಿರುವುದರಿಂದ "ಅರ್ಜಿಗಾಗಲಿ ಸಂದರ್ಶನಕ್ಕಾಗಲಿ ನಾವು ಹಣ ಕೇಳುವುದಿಲ್ಲ" ಎಂಬ ಸಾಲು ಬೇಕು. ಪೇಜ್ ಕನ್ನಡದಲ್ಲೂ ಇರಲಿ, ಮೊಬೈಲಿನಲ್ಲಿ ಓದುವಂತಿರಲಿ, ಪಿಡಿಎಫ್ ಬೇಡ. ಐಟಿಐ, ಡಿಪ್ಲೊಮಾ ಮಾಡಿದವರಲ್ಲಿ ಹಲವರ ಬಳಿ ಕಂಪ್ಯೂಟರ್ ಇರುವುದಿಲ್ಲ, ಅರ್ಜಿಯನ್ನು ವಾಟ್ಸಾಪಿನಲ್ಲಿ ಕಳಿಸಲು ಬಿಡಿ. ಯಾವ ತಾರೀಖಿನಂದು ಬರೆದದ್ದು ಎಂದು ಮೇಲೆ ಹಾಕಿ. ಹುದ್ದೆ ತುಂಬಿದ ದಿನ ತೆಗೆದುಬಿಡಿ.

ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ನಿಮ್ಮಲ್ಲಿ ತೀರಾ ಇತ್ತೀಚೆಗೆ ಸೇರಿದವರಿಗೆ ಪೇಜಿನ ಪ್ರಿಂಟ್ ಕೊಟ್ಟು ಹೇಳಿ: "ನಿಜ ಅಲ್ಲ ಅನ್ನಿಸಿದ್ದಕ್ಕೆ ಗೆರೆ ಎಳೀರಿ, ಬರೆಯದೆ ಬಿಟ್ಟಿದ್ದನ್ನು ಪಕ್ಕದಲ್ಲಿ ಬರೀರಿ." ಮೈದುನರಾಗಲಿ ಯಜಮಾನರಾಗಲಿ ಎದುರಿಗೆ ಕೂತಿರಬಾರದು, ಮನೆಗೆ ಒಯ್ದು ಮಾರನೇ ದಿನ ತಂದುಕೊಡಲಿ. ಹಾಳೆ ಖಾಲಿ ವಾಪಸ್ ಬಂದರೆ ಪೇಜ್ ಸರಿಯಿದೆ ಎಂದು ತಿಳಿಯಬೇಡಿ. ಅವರು ಹೆದರಿದ್ದಾರೆ, ಇನ್ನೊಬ್ಬರನ್ನು ಕೇಳಿ.

ಪೇಜ್ ಹಾಕಿದ ಮೇಲೆ ಸಂದರ್ಶನದಲ್ಲಿ ಬರುವ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ. ಮೂವರು ಒಂದೇ ಪ್ರಶ್ನೆ ಕೇಳಿದರೆ ಅದರ ಉತ್ತರ ಪೇಜಿನಲ್ಲಿ ಇಲ್ಲ, ಅಥವಾ ಅರ್ಥವಾಗುವಂತಿಲ್ಲ. ಆಮೇಲೂ ಯಾರಾದರೂ ಎರಡು ತಿಂಗಳಿಗೆ ಬಿಟ್ಟರೆ, ಪೇಜಿನ ಯಾವ ಸಾಲು ಸುಳ್ಳಾಯಿತು ಎಂದು ಫೋನ್ ಮಾಡಿ ಕೇಳಿ. ಯಾವ ಸಾಲೂ ಸುಳ್ಳಲ್ಲ, ಕೆಲಸವೇ ಒಗ್ಗಲಿಲ್ಲ ಎಂದರೆ ಅದನ್ನು ಪೇಜಿನಿಂದ ತಡೆಯಲಾಗುವುದಿಲ್ಲ. ಹಂಗಾಮು ಮುಗಿದ ಮೇಲೆ, ಏಪ್ರಿಲ್‌ನಲ್ಲಿ, ಲಾಡ್ಜ್ ರಸೀದಿಗಳನ್ನು ಮತ್ತೆ ಎಣಿಸಿ. 15 ಇದ್ದದ್ದು 18 ಆಗಿದ್ದರೆ ಪೇಜಿನಲ್ಲೂ 18 ಮಾಡಿ.